ದಾಳ ಉರುಳಿಸಿ ಉತ್ತರ ಹುಡುಕುವ ಗಣಿತ

ಯಾದೃಚ್ಛಿಕ ಸಿಮ್ಯುಲೇಶನ್ ಎಂದರೆ ಒಂದು ಘಟನೆ ನಡೆಯುವ ಸಂಭವ ಎಷ್ಟು ಎಂಬುದನ್ನು ಸೂತ್ರದಿಂದ ಬಿಡಿಸದೆ, ಆ ಘಟನೆಯನ್ನೇ ಕಾಗದದ ಮೇಲೋ ಕಂಪ್ಯೂಟರಿನಲ್ಲೋ ಮತ್ತೆ ಮತ್ತೆ ನಡೆಸಿ ಎಣಿಸಿ ನೋಡುವ ವಿಧಾನ. ಸಾವಿರ ಸಲ ನಡೆಸಿದಾಗ ಮುನ್ನೂರು ಸಲ ಆ ಘಟನೆ ಕಂಡರೆ, ಅದರ ಸಂಭವನೀಯತೆ ಸುಮಾರು 0.3 ಎಂದು ಅಂದಾಜು. ಮಾಡುವ ಕೆಲಸ ಇಷ್ಟೇ. ಕಷ್ಟವಿರುವುದು ಆ ‘ಸುಮಾರು’ ಎಂಬ ಮಾತಿನಲ್ಲಿ. ಅಂದಾಜು ಎಷ್ಟರ ಮಟ್ಟಿಗೆ ತಪ್ಪಿರಬಹುದು, ಆ ತಪ್ಪು ಎಲ್ಲಿಂದ ಬರುತ್ತದೆ, ಹೆಚ್ಚು ಸಲ ನಡೆಸಿದರೆ ಅದು ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಎಣಿಕೆಯಿಂದ ಬಂದ ಸಂಖ್ಯೆಗೆ ಬೆಲೆಯಿಲ್ಲ. ಉತ್ತರ ಮೊದಲೇ ಗೊತ್ತಿರುವ ಒಂದು ದಾಳದ ಆಟದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ.

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಎರಡು ಪಂದ್ಯಗಳು ಚರ್ಚೆಗೆ ಬಂದಿದ್ದವು. ಮೊದಲನೆಯದರಲ್ಲಿ ಒಂದೇ ದಾಳವನ್ನು ನಾಲ್ಕು ಸಲ ಎಸೆಯಬೇಕು. ಒಮ್ಮೆಯಾದರೂ ಆರು ಬಿದ್ದರೆ ಎಸೆದವನಿಗೆ ಗೆಲುವು. ಎರಡನೆಯದರಲ್ಲಿ ಎರಡು ದಾಳಗಳನ್ನು ಒಟ್ಟಿಗೆ ಇಪ್ಪತ್ತನಾಲ್ಕು ಸಲ ಎಸೆಯಬೇಕು. ಒಮ್ಮೆಯಾದರೂ ಎರಡರಲ್ಲೂ ಆರು ಬಿದ್ದರೆ ಗೆಲುವು. ಶೆವಲಿಯೆ ದ ಮೆರೆ ಎಂಬ ಗೃಹಸ್ಥನ ತರ್ಕ ಸರಳವಾಗಿತ್ತು: ಒಂದು ದಾಳಕ್ಕೆ ಆರು ಮುಖ, ನಾಲ್ಕು ಎಸೆತ, ಎರಡು ದಾಳಕ್ಕೆ ಮೂವತ್ತಾರು ಜೋಡಿ, ಇಪ್ಪತ್ತನಾಲ್ಕು ಎಸೆತ. ಅನುಪಾತ ಎರಡೂ ಕಡೆ ಒಂದೇ. ಹಾಗಾದರೆ ಗೆಲುವಿನ ಸಂಭವವೂ ಒಂದೇ ಇರಬೇಕು. ಆದರೆ ಲೆಕ್ಕ ಹಾಗೆ ಬರುವುದಿಲ್ಲ. ಈ ತೊಡಕು ಬ್ಲೇಸ್ ಪ್ಯಾಸ್ಕಲ್ ಬಳಿಗೆ ಹೋಯಿತು. 1654ರಲ್ಲಿ ಪ್ಯಾಸ್ಕಲ್ ಮತ್ತು ಪಿಯರ್ ದ ಫರ್ಮಾ ನಡುವೆ ನಡೆದ ಪತ್ರವ್ಯವಹಾರದಲ್ಲಿ ಇದೂ ಬರುತ್ತದೆ. ಸಂಭವನೀಯತೆಯ ಗಣಿತ ಶುರುವಾದದ್ದೇ ಆ ಪತ್ರಗಳಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ನಿಖರವಾದ ಲೆಕ್ಕ ಹೀಗಿದೆ. ಗೆಲ್ಲುವ ದಾರಿಗಳನ್ನು ನೇರವಾಗಿ ಎಣಿಸುವುದಕ್ಕಿಂತ ಸೋಲುವ ದಾರಿಗಳನ್ನು ಎಣಿಸುವುದು ಹಗುರ. ಒಂದು ಎಸೆತದಲ್ಲಿ ಆರು ಬೀಳದಿರುವ ಸಂಭವ ಆರರಲ್ಲಿ ಐದು. ನಾಲ್ಕು ಎಸೆತದಲ್ಲೂ ಬೀಳದಿರಬೇಕಾದರೆ ಅದನ್ನು ನಾಲ್ಕು ಸಲ ಗುಣಿಸಬೇಕು: 1,296ರಲ್ಲಿ 625. ಉಳಿದ 671 ದಾರಿಗಳು ಗೆಲುವಿನವು, ಅಂದರೆ 0.5177. ಎರಡನೆಯ ಆಟದಲ್ಲಿ 35/36 ಎಂಬುದನ್ನು ಇಪ್ಪತ್ತನಾಲ್ಕು ಸಲ ಗುಣಿಸಿ ಒಂದರಿಂದ ಕಳೆದರೆ 0.4914 ಸಿಗುತ್ತದೆ. ಮೊದಲ ಪಂದ್ಯ ಎಸೆಯುವವನಿಗೆ ಲಾಭ, ಎರಡನೆಯದು ನಷ್ಟ. ಇಪ್ಪತ್ತೈದನೆಯ ಎಸೆತ ಕೊಟ್ಟರೆ ಎರಡನೆಯದೂ 0.5055ಕ್ಕೆ ಏರಿ ಲಾಭದ ಕಡೆಗೆ ವಾಲುತ್ತದೆ.

ಈಗ ಸೂತ್ರ ಗೊತ್ತಿಲ್ಲ, ಕೈಯಲ್ಲಿ ದಾಳ ಮಾತ್ರ ಇದೆ ಎಂದುಕೊಂಡರೆ ಏನಾಗುತ್ತದೆ? ಮೊದಲ ಆಟವನ್ನು ನೂರು ಸಲ ಆಡಿ ಗೆಲುವು ಎಣಿಸಿದರೆ 52ರ ಹತ್ತಿರ ಬರಬೇಕು. ಆದರೆ ನೂರು ಆಟದ ಎಣಿಕೆ 45 ಬಂದರೂ ಅಚ್ಚರಿಯಿಲ್ಲ, 60 ಬಂದರೂ ಅಚ್ಚರಿಯಿಲ್ಲ. ಎಣಿಕೆಯಿಂದ ಬಂದ ಅನುಪಾತ ನಿಜವಾದ ಸಂಭವನೀಯತೆಯ ಸುತ್ತ ಎಷ್ಟು ಓಲಾಡುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ. ಸಂಭವನೀಯತೆ p, ಆಟಗಳ ಸಂಖ್ಯೆ N ಆದರೆ ಆ ಅಳತೆ √(p(1−p)/N). ಇದನ್ನು ಪ್ರಮಾಣ ದೋಷ ಎನ್ನುತ್ತಾರೆ. p ಅರ್ಧದ ಹತ್ತಿರವಿದ್ದಾಗ ನೂರು ಆಟಕ್ಕೆ ಇದು 0.05; ಹತ್ತು ಸಾವಿರ ಆಟಕ್ಕೆ 0.005. ನೂರು ಸಲ ಇಂಥ ಅಂದಾಜು ಮಾಡಿದರೆ ಸುಮಾರು 95 ಸಲ ಉತ್ತರ ನಿಜದ ಅತ್ತ ಇತ್ತ ಎರಡು ಪ್ರಮಾಣ ದೋಷದೊಳಗೆ ಬೀಳುತ್ತದೆ. ಆಟಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದರೂ ದೋಷ ಇಳಿಯುವುದು ಹತ್ತು ಪಟ್ಟು ಮಾತ್ರ. ದಶಮಾಂಶದ ಒಂದು ಅಂಕಿ ಹೆಚ್ಚು ಗಟ್ಟಿಯಾಗಬೇಕಾದರೆ ನೂರು ಪಟ್ಟು ದುಡಿಯಬೇಕು ಎಂಬುದು ಈ ವಿಧಾನ ಕೇಳುವ ಬೆಲೆ, ಅದರಲ್ಲಿ ಚೌಕಾಸಿಗೆ ಹೆಚ್ಚು ಅವಕಾಶವಿಲ್ಲ.

ಇದೇ ಅಳತೆಯಿಂದ ಹಳೆಯ ಕಥೆಯೊಂದನ್ನೂ ಪರೀಕ್ಷಿಸಬಹುದು. ದ ಮೆರೆ ಎರಡನೆಯ ಪಂದ್ಯದಲ್ಲಿ ಸೋತು ಸೋತು, ಅದು ನಷ್ಟದ ಆಟವೆಂದು ಅನುಭವದಿಂದ ಕಂಡುಕೊಂಡ ಎಂದು ಅನೇಕ ಪುಸ್ತಕಗಳು ಹೇಳುತ್ತವೆ. ಆ ಆಟದ ಸಂಭವನೀಯತೆ ಅರ್ಧಕ್ಕಿಂತ ಕಡಿಮೆಯಿರುವುದು 0.0086 ಮಾತ್ರ. ಇಷ್ಟು ಸಣ್ಣ ಅಂತರ ಅದೃಷ್ಟದ ಓಲಾಟದಿಂದ ಬೇರೆಯಾಗಿ ಕಾಣಬೇಕಾದರೆ ಎರಡು ಪ್ರಮಾಣ ದೋಷ ಸೇರಿ ಆ ಅಂತರದಷ್ಟೇ ಇರಬೇಕು. ಅದಕ್ಕೆ ಹದಿಮೂರು ಸಾವಿರಕ್ಕೂ ಹೆಚ್ಚು ಆಟ ಬೇಕು. ಗೆದ್ದ ಕೂಡಲೇ ಆಟ ನಿಲ್ಲಿಸಿದರೂ ಒಟ್ಟು ಎಸೆತ ಎರಡು ಲಕ್ಷ ದಾಟುತ್ತದೆ. ದಿನಕ್ಕೆ ಐವತ್ತು ಆಟ ಆಡಿ, ಪ್ರತಿಯೊಂದನ್ನೂ ಬರೆದಿಟ್ಟುಕೊಂಡರೂ ಸುಮಾರು ಒಂಬತ್ತು ತಿಂಗಳ ಕೆಲಸ. ಜೂಜಿನ ಮೇಜಿನ ಮುಂದೆ ಕುಳಿತವರು ಅಷ್ಟು ಶಿಸ್ತಿನ ಲೆಕ್ಕ ಇಡುವುದು ಅಪರೂಪ. ಅವನನ್ನು ಕಾಡಿದ್ದು ಕಳೆದುಕೊಂಡ ಹಣಕ್ಕಿಂತ ಅನುಪಾತದ ತರ್ಕಕ್ಕೂ ಸಂಭವನೀಯತೆಯ ಲೆಕ್ಕಕ್ಕೂ ತಾಳೆಯಾಗದಿದ್ದ ಸಂಗತಿಯೇ ಇರಬೇಕು. ಪ್ಯಾಸ್ಕಲ್ ಬರೆದ ಪತ್ರವೂ ಅದನ್ನೇ ಸೂಚಿಸುತ್ತದೆ.

ಕೈಯಿಂದ ಒಂಬತ್ತು ತಿಂಗಳು ಹಿಡಿಯುವ ಈ ಎಸೆತಗಳನ್ನು ಇಂದಿನ ಸಾಧಾರಣ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಈ ವಿಧಾನ ಕಂಪ್ಯೂಟರಿನ ಜೊತೆಯಲ್ಲೇ ಹುಟ್ಟಿದ್ದಕ್ಕೆ ಕಾರಣವೂ ಇದೇ. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಮೆದುಳಿನ ಉರಿಯೂತದಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಆಡುವ ಇಸ್ಪೀಟು ಆಡುತ್ತಿದ್ದ. ಆಟ ಪೂರ್ತಿ ಬಿಡುವ ಸಂಭವ ಎಷ್ಟು ಎಂದು ಸೂತ್ರದಿಂದ ಕಂಡುಹಿಡಿಯಲು ಹೊರಟು ಸೋತ. ನೂರು ಸಲ ಎಲೆ ಹಾಸಿ ಎಣಿಸುವುದೇ ಮೇಲಲ್ಲವೇ ಎಂದು ಅವನಿಗೆ ಹೊಳೆಯಿತು. ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ನ್ಯೂಟ್ರಾನುಗಳು ವಸ್ತುವಿನೊಳಗೆ ಹೇಗೆ ಚದುರುತ್ತವೆ ಎಂಬ ಕಗ್ಗಂಟಿಗೂ ಇದೇ ಉಪಾಯ ಹೊಂದುತ್ತದೆ ಎಂದು ಉಲಾಮ್ ಮತ್ತು ಜಾನ್ ವಾನ್ ನಾಯ್ಮನ್ ಕಂಡುಕೊಂಡರು. ಆಗಿನ ಎನಿಯಾಕ್ ಕಂಪ್ಯೂಟರಿನಲ್ಲಿ ಅದನ್ನು ನಡೆಸಿದರು. ಸಹೋದ್ಯೋಗಿ ನಿಕೋಲಸ್ ಮೆಟ್ರೊಪೊಲಿಸ್ ಇದಕ್ಕೆ ಜೂಜಿಗೆ ಹೆಸರಾದ ಊರಿನ ಹೆಸರಿಟ್ಟ: ಮಾಂಟೆ ಕಾರ್ಲೊ. ಮೆಟ್ರೊಪೊಲಿಸ್ ಮತ್ತು ಉಲಾಮ್ ಅದೇ ಹೆಸರಿನಲ್ಲಿ 1949ರಲ್ಲಿ ಪ್ರಬಂಧ ಪ್ರಕಟಿಸಿದರು.

ಕಂಪ್ಯೂಟರಿನೊಳಗೆ ದಾಳವಿಲ್ಲ. ಅದು ಹೇಳಿದ್ದನ್ನು ಹೇಳಿದಂತೆ ಮಾಡುವ ಯಂತ್ರ. ಅದರಿಂದ ಅನಿರೀಕ್ಷಿತವಾಗಿ ಕಾಣುವ ಸಂಖ್ಯೆಗಳನ್ನು ಹುಟ್ಟಿಸುವುದೇ ಒಂದು ಪ್ರತ್ಯೇಕ ಕಸುಬು. ವಾನ್ ನಾಯ್ಮನ್ ಬಳಸಿದ ಮೊದಲ ಉಪಾಯವೊಂದು ಹೀಗಿತ್ತು: ನಾಲ್ಕಂಕಿಯ ಒಂದು ಸಂಖ್ಯೆಯ ವರ್ಗ ತೆಗೆದು, ಎಂಟಂಕಿಯಾಗಿ ಬರೆದು, ನಡುವಿನ ನಾಲ್ಕಂಕಿಯನ್ನು ಮುಂದಿನ ಸಂಖ್ಯೆಯಾಗಿ ಇಟ್ಟುಕೊಳ್ಳುವುದು. 1234ರ ವರ್ಗ 01522756. ನಡುವಿನ ಅಂಕಿಗಳು 5227. ಅದರ ವರ್ಗ 27321529, ಮುಂದಿನದು 3215. ನೋಡಲು ಚೆನ್ನಾಗಿಯೇ ಇದೆ. ಆದರೆ ಸರಣಿ ಎಂದಾದರೂ 2500ಕ್ಕೆ ಬಂದರೆ ಅದರ ವರ್ಗ 06250000, ನಡುವಿನದು ಮತ್ತೆ 2500. ಅಲ್ಲಿಂದ ಮುಂದೆ ದಾಳ ಒಂದೇ ಮುಖದಲ್ಲಿ ಅಂಟಿಕೊಂಡಂತೆ. 1960ರ ದಶಕದಲ್ಲಿ ಐಬಿಎಂ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಾದ ರಾಂಡು ಎಂಬ ಕ್ರಮದ ದೋಷ ಇದಕ್ಕಿಂತ ಮರೆಯಲ್ಲಿತ್ತು. ಅದರ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ತಪ್ಪು ಕಾಣುತ್ತಿರಲಿಲ್ಲ. ಮೂರು ಮೂರರಂತೆ ಹಿಡಿದು ಘನಾಕಾರದೊಳಗೆ ಬಿಂದುಗಳಾಗಿ ಇಟ್ಟರೆ ಎಲ್ಲವೂ ಹದಿನೈದೇ ಸಮತಲಗಳ ಮೇಲೆ ಸಾಲುಗಟ್ಟುತ್ತಿದ್ದವು. ಇಂದು ಪೈಥಾನ್ ಭಾಷೆಯಲ್ಲಿ ಸಿಗುವ ಸಾಮಾನ್ಯ ದಾಳ ಇಂಥ ಕೆಲಸಕ್ಕೆ ಧಾರಾಳವಾಗಿ ಸಾಕು. ಹೊಸದಾಗಿ ಬರೆದ ಪ್ರೋಗ್ರಾಮನ್ನು ಮೊದಲು ದ ಮೆರೆಯ ಪಂದ್ಯದಂಥ, ಉತ್ತರ ಗೊತ್ತಿರುವ ಪ್ರಶ್ನೆಯ ಮೇಲೆ ನಡೆಸಿ ನೋಡುವುದು ಮಾತ್ರ ಬಿಡಬಾರದ ಅಭ್ಯಾಸ. ಲಕ್ಷ ಆಟದಲ್ಲಿ ಉತ್ತರ 0.4914ರಿಂದ 0.003ಕ್ಕಿಂತ ಆಚೆ ಹೋಗುವುದು ಅಪರೂಪ; ಬಹಳ ಆಚೆ ಹೋದರೆ ಅದೃಷ್ಟವನ್ನು ದೂರುವ ಬದಲು ಪ್ರೋಗ್ರಾಮನ್ನು ತಿದ್ದಬೇಕು.

ದಾಳದ ಆಟಕ್ಕೆ ಸೂತ್ರವಿದೆ, ಆದ್ದರಿಂದ ಸಿಮ್ಯುಲೇಶನ್ ಅಲ್ಲಿ ಅನಿವಾರ್ಯವಲ್ಲ. ಬ್ಯಾಂಕಿನ ನಗದು ಕೌಂಟರಿನ ಸಾಲು ಹಾಗಲ್ಲ. ಒಬ್ಬ ಕ್ಯಾಶಿಯರ್, ಒಂದು ಸಾಲು. ಜನ ಎಷ್ಟು ಹೊತ್ತಿಗೊಬ್ಬರು ಬರುತ್ತಾರೆ ಎಂಬುದೂ ಗೊತ್ತುಪಡಿಸಿದ್ದಲ್ಲ, ಒಬ್ಬರ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ಅಲ್ಲ. ಬಾಗಿಲು ತೆರೆಯುವಾಗ ಸಾಲು ಖಾಲಿ, ಮುಚ್ಚುವಾಗ ಏನಾಗಿರುತ್ತದೋ ಅದು. ಕೇಳಬೇಕಾದ ಪ್ರಶ್ನೆ: ಒಬ್ಬ ಗ್ರಾಹಕ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬೇಕಾಗುವ ಸಂಭವ ಎಷ್ಟು?

ಮೊದಲು ಇದನ್ನು ದಾಳದಿಂದಲೇ ನಡೆಸಬಹುದು. ಒಬ್ಬರು ಬಂದ ಮೇಲೆ ಇನ್ನೊಬ್ಬರು ಎಷ್ಟು ನಿಮಿಷಕ್ಕೆ ಬರುತ್ತಾರೆ ಎಂಬುದಕ್ಕೆ ಒಂದು ದಾಳ ಎಸೆದು, ಬಿದ್ದ ಸಂಖ್ಯೆಯನ್ನೇ ನಿಮಿಷವೆಂದು ಹಿಡಿಯುವುದು. ಸರಾಸರಿ ಮೂರೂವರೆ ನಿಮಿಷಕ್ಕೊಬ್ಬರು. ಕೌಂಟರಿನಲ್ಲಿ ಹಿಡಿಯುವ ಹೊತ್ತಿಗೆ ಇನ್ನೊಂದು ದಾಳ: ಒಂದು, ಎರಡು, ಮೂರು ಬಿದ್ದರೆ ಚೆಕ್ಕಿಗೆ ಹಣ ಪಡೆಯುವಂಥ ಎರಡು ನಿಮಿಷದ ಕೆಲಸ, ನಾಲ್ಕು ಅಥವಾ ಐದಾದರೆ ಮೂರು ನಿಮಿಷ, ಆರು ಬಿದ್ದರೆ ಅಂಗಡಿಯ ವಹಿವಾಟಿನ ನೋಟಿನ ಕಟ್ಟು ಎಣಿಸಿ ಜಮಾ ಮಾಡುವ ಆರು ನಿಮಿಷದ ಕೆಲಸ. ಇದರ ಸರಾಸರಿ ಮೂರು ನಿಮಿಷ. ಮೂರೂವರೆ ನಿಮಿಷಕ್ಕೊಬ್ಬರು ಬರುತ್ತಾರೆ, ಮೂರು ನಿಮಿಷಕ್ಕೊಬ್ಬರನ್ನು ಕಳಿಸಲಾಗುತ್ತದೆ. ಸರಾಸರಿಯನ್ನಷ್ಟೇ ನೋಡಿದವರಿಗೆ ಸಾಲೇ ಇರಬಾರದು, ಕ್ಯಾಶಿಯರಿಗೆ ಪ್ರತಿ ಗ್ರಾಹಕನ ನಂತರ ಅರ್ಧ ನಿಮಿಷ ಬಿಡುವೂ ಸಿಗಬೇಕು ಎನಿಸುತ್ತದೆ.

ಬಾಗಿಲು ತೆರೆದದ್ದು 10 ಗಂಟೆಗೆ. ಮೊದಲ ದಾಳ ಮೂರು ಬಿತ್ತು; ಮೊದಲ ಗ್ರಾಹಕ ಬಂದದ್ದು 10:03ಕ್ಕೆ. ಕೆಲಸ ಎರಡು ನಿಮಿಷದ್ದು, 10:05ಕ್ಕೆ ಮುಗಿಯಿತು. ಎರಡನೆಯವರು ಒಂದೇ ನಿಮಿಷದ ಅಂತರದಲ್ಲಿ 10:04ಕ್ಕೆ ಬಂದರು, ಒಂದು ನಿಮಿಷ ಕಾದರು, ಮೂರು ನಿಮಿಷದ ಕೆಲಸ ಮುಗಿಸಿ 10:08ಕ್ಕೆ ಹೊರಟರು. ಮೂರನೆಯವರು ಐದು ನಿಮಿಷದ ಅಂತರದಲ್ಲಿ 10:09ಕ್ಕೆ ಬಂದಾಗ ಕೌಂಟರ್ ಖಾಲಿ, ಕಾಯಬೇಕಾಗಲಿಲ್ಲ. ಆದರೆ ಅವರು ನೋಟಿನ ಕಟ್ಟು ತಂದವರು. ಆರು ನಿಮಿಷ, 10:15ರವರೆಗೆ. ಅಷ್ಟರಲ್ಲಿ ನಾಲ್ಕನೆಯವರು 10:11ಕ್ಕೂ ಐದನೆಯವರು 10:12ಕ್ಕೂ ಬಂದು ನಿಂತಿದ್ದಾರೆ. ನಾಲ್ಕನೆಯವರಿಗೆ ನಾಲ್ಕು ನಿಮಿಷದ ಕಾಯುವಿಕೆ, ಎರಡು ನಿಮಿಷದ ಕೆಲಸ. ಐದನೆಯವರು ಐದು ನಿಮಿಷ ಕಾದು 10:17ಕ್ಕೆ ಕೌಂಟರಿಗೆ ಬಂದರು, ಮೂರು ನಿಮಿಷ ತೆಗೆದುಕೊಂಡರು. ಆರನೆಯವರು 10:16ಕ್ಕೆ ಬಂದವರು, 10:20ಕ್ಕೆ ಸರದಿ ಸಿಕ್ಕಿತು. ಇವರದೂ ಆರು ನಿಮಿಷದ ಕೆಲಸವೇ. ಏಳನೆಯವರು 10:19ಕ್ಕೆ ಬಂದು 10:26ರವರೆಗೆ, ಅಂದರೆ ಏಳು ನಿಮಿಷ ನಿಂತರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಎಂಟನೆಯವರು ಆರು ನಿಮಿಷದ ಅಂತರದಲ್ಲಿ 10:25ಕ್ಕೆ ಬಂದರೂ ಮೂರು ನಿಮಿಷ ಕಾಯಬೇಕಾಯಿತು, 10:30ಕ್ಕೆ ಹೊರಟರು.

ಎಂಟು ಜನರ ಕಾಯುವಿಕೆ ಒಟ್ಟು ಇಪ್ಪತ್ತನಾಲ್ಕು ನಿಮಿಷ, ತಲಾ ಮೂರು. ಅದೇ ಅರ್ಧ ಗಂಟೆಯಲ್ಲಿ ಕ್ಯಾಶಿಯರ್ ನಾಲ್ಕು ನಿಮಿಷ ಸುಮ್ಮನೆ ಕುಳಿತಿದ್ದಾರೆ: ತೆರೆದ ಕೂಡಲೇ ಮೂರು ನಿಮಿಷ, 10:08ರಿಂದ 10:09ರವರೆಗೆ ಒಂದು ನಿಮಿಷ. ಸಾಲು ಹುಟ್ಟುವ ಗುಟ್ಟು ಇಲ್ಲಿದೆ. ಬಿಡುವಿನ ಆ ನಾಲ್ಕು ನಿಮಿಷವನ್ನು ಮುಂದೆ ಬರುವ ಗಡಿಬಿಡಿಗೆ ಉಳಿಸಿಡಲು ಆಗುವುದಿಲ್ಲ. ಜನ ವಿರಳವಾಗಿ ಬಂದ ಹೊತ್ತು ವ್ಯರ್ಥವಾಗಿ ಹೋಗುತ್ತದೆ, ಒತ್ತೊತ್ತಾಗಿ ಬಂದ ಹೊತ್ತಿನ ಬಾಕಿ ಮಾತ್ರ ಮುಂದಿನವರ ತಲೆಗೆ ಬರುತ್ತದೆ. ಸರಾಸರಿಯ ಲೆಕ್ಕ ಇವೆರಡನ್ನೂ ಒಂದಕ್ಕೊಂದು ವಜಾ ಮಾಡಿಬಿಡುತ್ತದೆ. ಸಾಲು ಹಾಗೆ ಮಾಡುವುದಿಲ್ಲ.

ಈ ಲೆಕ್ಕವನ್ನು ಗಡಿಯಾರವಿಲ್ಲದೆಯೂ ಬರೆಯಬಹುದು. ಈಗಿನವರು ಕಾದ ಹೊತ್ತಿಗೆ ಅವರ ಕೆಲಸದ ಹೊತ್ತನ್ನು ಕೂಡಿ, ಮುಂದಿನವರು ಬರುವ ಅಂತರವನ್ನು ಕಳೆದರೆ ಮುಂದಿನವರು ಕಾಯಬೇಕಾದ ಹೊತ್ತು ಸಿಗುತ್ತದೆ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಎಂದು ಹಿಡಿಯಬೇಕು, ಏಕೆಂದರೆ ಬರುವ ಮೊದಲೇ ಯಾರಿಗೂ ಸರದಿ ಸಿಗುವುದಿಲ್ಲ. ಕಂಪ್ಯೂಟರಿಗೆ ಹೇಳಬೇಕಾದದ್ದು ಇಷ್ಟೇ:

```python
import random

def ondu_dina(jana):
    kaayu = 0
    tada = 0
    for i in range(jana):
        if kaayu > 10:
            tada += 1
        seve = random.choice([2, 2, 2, 3, 3, 6])
        antara = random.randint(1, 6)
        kaayu = max(0, kaayu + seve - antara)
    return tada / jana

dinagalu = [ondu_dina(100) for d in range(1000)]
print(sum(dinagalu) / 1000)
```

ಇಲ್ಲಿ ಒಂದು ದಿನಕ್ಕೆ ನೂರು ಗ್ರಾಹಕರು. ಮೂರೂವರೆ ನಿಮಿಷಕ್ಕೊಬ್ಬರಂತೆ ಹತ್ತು ಗಂಟೆಯಿಂದ ಸಂಜೆ ನಾಲ್ಕರ ಹತ್ತಿರದವರೆಗೆ ಆಗುವಷ್ಟು. ಲೆಕ್ಕವನ್ನು ಸುಲಭ ಮಾಡಲು ಮೊದಲ ಗ್ರಾಹಕ ಬರುವ ಹೊತ್ತನ್ನೇ ಆರಂಭವೆಂದು ಹಿಡಿಯಲಾಗಿದೆ. ಇಂಥ ಸಾವಿರ ದಿನಗಳನ್ನು ನಡೆಸಿ, ಹತ್ತು ನಿಮಿಷ ಮೀರಿ ಕಾದವರ ಪಾಲನ್ನು ಪ್ರತಿ ದಿನಕ್ಕೂ ಲೆಕ್ಕ ಹಾಕಿ, ಸರಾಸರಿ ತೆಗೆಯಲಾಗುತ್ತದೆ. ಸಾಲು ಬಹಳ ಕಾಲ ನಿಲ್ಲದೆ ನಡೆಯುತ್ತಿದ್ದರೆ ಸರಾಸರಿ ಕಾಯುವಿಕೆ ನಾಲ್ಕು ನಿಮಿಷಕ್ಕೆ ತುಸು ಕಡಿಮೆ, ಹತ್ತು ನಿಮಿಷ ಮೀರುವ ಸಂಭವ ಸುಮಾರು ಹತ್ತರಲ್ಲಿ ಒಂದು. ದಿನವೂ ಖಾಲಿ ಸಾಲಿನಿಂದ ಶುರುವಾಗುವುದರಿಂದ ದಿನದ ಲೆಕ್ಕದಲ್ಲಿ ಇವೆರಡೂ ಇನ್ನಷ್ಟು ಇಳಿಯುತ್ತವೆ. ಮೊದಲು ಬಂದ ಹತ್ತಾರು ಜನರಿಗೆ ಹಿಂದಿನವರ ಬಾಕಿ ಇರುವುದಿಲ್ಲವಲ್ಲ. ಇವುಗಳಲ್ಲಿ ಯಾವ ಸಂಖ್ಯೆ ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಹಗಲೂ ರಾತ್ರಿ ನಡೆಯುವ ಟೆಲಿಫೋನ್ ವಿನಿಮಯ ಕೇಂದ್ರವನ್ನು ಅನುಕರಿಸುವವರು ಖಾಲಿ ಆರಂಭದ ಭಾಗವನ್ನು ಎಣಿಕೆಯಿಂದ ಬಿಡುತ್ತಾರೆ. ಬ್ಯಾಂಕಿನ ಮಟ್ಟಿಗೆ ಬೆಳಗ್ಗೆ ಖಾಲಿಯಿರುವುದೂ ವಾಸ್ತವವೇ, ಬಿಡಬಾರದು.

ಪ್ರಮಾಣ ದೋಷ ಹಾಕುವಾಗ ಹೊಸಬರು ಎಡವುವ ಜಾಗ ಇಲ್ಲಿಯೇ ಇದೆ. ಸಾವಿರ ದಿನ, ದಿನಕ್ಕೆ ನೂರು ಜನ. ಒಟ್ಟು ಲಕ್ಷ ಗ್ರಾಹಕರು. ದಾಳದ ಆಟದಲ್ಲಿ ಮಾಡಿದಂತೆ N ಎಂದರೆ ಒಂದು ಲಕ್ಷ ಎಂದು ಬರೆದುಬಿಟ್ಟರೆ ದೋಷ ಒಂದು ಸಾವಿರಾಂಶದಷ್ಟು ಸಣ್ಣದಾಗಿ ಕಾಣುತ್ತದೆ. ಅದು ತಪ್ಪು. ಒಂದು ಆಟದ ಗೆಲುವಿಗೂ ಮುಂದಿನ ಆಟದ ಗೆಲುವಿಗೂ ಸಂಬಂಧವಿರಲಿಲ್ಲ. ಸಾಲಿನಲ್ಲಿ ನಿಂತವರಿಗೆ ಸಂಬಂಧವಿದೆ: ಮೂರನೆಯವರ ನೋಟಿನ ಕಟ್ಟು ನಾಲ್ಕನೆಯವರನ್ನೂ ಐದನೆಯವರನ್ನೂ ಕಾಯಿಸಿತು, ಅದರ ಬಾಕಿ ಆರನೆಯವರಿಗೂ ತಟ್ಟಿತು. ಒಬ್ಬರು ಬಹಳ ಕಾದರೆ ಹಿಂದಿನವರೂ ಬಹಳ ಕಾದಿರುತ್ತಾರೆ. ಇವರಿಬ್ಬರನ್ನೂ ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ, ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದಂತೆ. ಒಂದಕ್ಕೊಂದು ಸಂಬಂಧವಿಲ್ಲದ ಘಟಕ ಎಂದರೆ ದಿನ. ಆದ್ದರಿಂದಲೇ ಮೇಲಿನ ಪ್ರೋಗ್ರಾಮು ಪ್ರತಿ ದಿನಕ್ಕೂ ಒಂದೇ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಆ ಸಾವಿರ ಸಂಖ್ಯೆಗಳು ತಮ್ಮ ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದನ್ನು ಅಳೆದು, ಸಾವಿರದ ವರ್ಗಮೂಲದಿಂದ, ಅಂದರೆ ಸುಮಾರು 31.6ರಿಂದ ಭಾಗಿಸಿದರೆ ನಂಬಬಹುದಾದ ದೋಷ ಸಿಗುತ್ತದೆ.

ತಪ್ಪಾಗಿದೆಯೇ ಎಂದು ತಿಳಿಯಲು ಇನ್ನೂ ಸುಲಭವಾದ ದಾರಿಯೊಂದಿದೆ. ಕಂಪ್ಯೂಟರಿನ ದಾಳ ಒಂದು ಆರಂಭದ ಸಂಖ್ಯೆಯಿಂದ ಹೊರಡುತ್ತದೆ. ಅದನ್ನು ಬೀಜಸಂಖ್ಯೆ ಎನ್ನಬಹುದು. ಒಂದೇ ಬೀಜಸಂಖ್ಯೆ ಕೊಟ್ಟರೆ ಅದೇ ಸರಣಿ ಮತ್ತೆ ಬರುತ್ತದೆ. ಇಡೀ ಪ್ರೋಗ್ರಾಮನ್ನು ಬೇರೆ ಬೇರೆ ಬೀಜಸಂಖ್ಯೆ ಕೊಟ್ಟು ಇಪ್ಪತ್ತು ಸಲ ನಡೆಸಿದರೆ ಇಪ್ಪತ್ತು ಉತ್ತರಗಳು ಸಿಗುತ್ತವೆ. ಅವು ಹೇಳಿಕೊಂಡ ದೋಷಕ್ಕಿಂತ ಎರಡು ಮೂರು ಪಟ್ಟು ಅಗಲಕ್ಕೆ ಚದುರಿದ್ದರೆ ದೋಷದ ಲೆಕ್ಕವೇ ಸುಳ್ಳು ಎಂದರ್ಥ. ಒಂದೇ ಸಲ ನಡೆಸಿ ಬಂದ ಉತ್ತರವನ್ನು ನಾಲ್ಕು ದಶಮಾಂಶ ಅಂಕಿಗಳ ಸಮೇತ ವರದಿಯಲ್ಲಿ ಅಚ್ಚು ಹಾಕುವವರು ಈ ಪರೀಕ್ಷೆಯನ್ನು ಮಾಡಿರುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇಲ್ಲಿಯವರೆಗೆ ಹೇಳಿದ ದೋಷ ಅದೃಷ್ಟದ ಓಲಾಟದ್ದು. ದಿನಗಳನ್ನು ಹೆಚ್ಚಿಸಿದಷ್ಟೂ ಅದು ಇಳಿಯುತ್ತದೆ. ಇನ್ನೊಂದು ಬಗೆಯ ದೋಷ ಎಷ್ಟು ಸಾವಿರ ದಿನ ನಡೆಸಿದರೂ ಕೂದಲೆಳೆಯಷ್ಟೂ ಇಳಿಯುವುದಿಲ್ಲ, ಏಕೆಂದರೆ ಅದು ದಾಳದ ಆಯ್ಕೆಯಲ್ಲೇ ಕುಳಿತಿರುತ್ತದೆ. ಬರುವ ಅಂತರಕ್ಕೆ ಒಂದರಿಂದ ಆರರ ದಾಳ ಬಳಸಿದ್ದು ಆಟದ ಅನುಕೂಲಕ್ಕೆ. ಅದರ ಪ್ರಕಾರ ಇಬ್ಬರು ಒಟ್ಟಿಗೇ ಬಾಗಿಲು ದಾಟಿ ಬರುವುದು ಸಾಧ್ಯವಿಲ್ಲ. ಆರು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ಬಾರದಿರುವುದೂ ಸಾಧ್ಯವಿಲ್ಲ. ನಿಜವಾದ ಬ್ಯಾಂಕಿನಲ್ಲಿ ಎರಡೂ ದಿನನಿತ್ಯ ನಡೆಯುತ್ತವೆ.

ಪರಸ್ಪರ ಸಂಬಂಧವಿಲ್ಲದ ಬಹಳ ಮಂದಿ ತಮ್ಮ ತಮ್ಮ ಹೊತ್ತಿಗೆ ಬರುವಾಗ ಅಂತರಗಳು ಹೇಗಿರುತ್ತವೆ ಎಂಬುದನ್ನು ಮೊದಲು ಕೆಲಸಕ್ಕೆ ಹಚ್ಚಿದವರಲ್ಲಿ ಡೆನ್ಮಾರ್ಕಿನ ಎ. ಕೆ. ಅರ್ಲಾಂಗ್ ಪ್ರಮುಖ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಅವನು ಕರೆಗಳ ಬರವಿನ ಬಗ್ಗೆ 1909ರಲ್ಲಿ ಪ್ರಕಟಿಸಿದ ಪ್ರಬಂಧದಿಂದಲೇ ಸಾಲುಗಳ ಗಣಿತ ಆರಂಭವಾಯಿತು. ಇಂಥ ಬರವಿನಲ್ಲಿ ಸಣ್ಣ ಅಂತರಗಳು ಬಹಳ, ಉದ್ದನೆಯವು ವಿರಳ, ಆದರೆ ಇದ್ದೇ ಇರುತ್ತವೆ. ಅವನ್ನು ಹುಟ್ಟಿಸುವ ಕ್ರಮ ಸರಳ: ಸೊನ್ನೆಗೂ ಒಂದಕ್ಕೂ ನಡುವೆ ಯಾವುದಾದರೊಂದು ಸಂಖ್ಯೆ U ಆರಿಸಿ, ಅದರ ಸ್ವಾಭಾವಿಕ ಲಾಗರಿತಮ್ ತೆಗೆದು, ಋಣ ಚಿಹ್ನೆ ಬದಲಿಸಿ, ಸರಾಸರಿ ಅಂತರದಿಂದ ಗುಣಿಸಬೇಕು. ಸರಾಸರಿ ಮೂರೂವರೆ ನಿಮಿಷವಾದಾಗ U ಅರ್ಧವಿದ್ದರೆ ಅಂತರ 2.4 ನಿಮಿಷ, U ಇಪ್ಪತ್ತರಲ್ಲಿ ಒಂದಾದರೆ ಹತ್ತೂವರೆ ನಿಮಿಷ. ಪ್ರೋಗ್ರಾಮಿನಲ್ಲಿ ಬದಲಾಗಬೇಕಾದದ್ದು ಒಂದೇ ಸಾಲು; `random.randint(1, 6)` ಇದ್ದ ಕಡೆ `random.expovariate(1/3.5)` ಬರೆದರೆ ಆಯಿತು.

ಸರಾಸರಿ ಅಂತರ ಬದಲಾಗಿಲ್ಲ. ಕೌಂಟರಿನ ಕೆಲಸವೂ ಬದಲಾಗಿಲ್ಲ. ಆದರೆ ದೀರ್ಘಕಾಲದ ಸರಾಸರಿ ಕಾಯುವಿಕೆ ನಾಲ್ಕು ನಿಮಿಷದೊಳಗಿಂದ ಹನ್ನೊಂದು ನಿಮಿಷಕ್ಕೆ ಜಿಗಿಯುತ್ತದೆ. ಅಂತರಗಳು ಹೀಗಿರುವಾಗ ಈ ಒಂದು ಸರಾಸರಿಗೆ ಸಿದ್ಧ ಸೂತ್ರವಿದೆ, ಹನ್ನೊಂದು ಎಂಬುದು ಅದರಿಂದ ಬಂದ ಉತ್ತರ. ಆದ್ದರಿಂದ ಸಿಮ್ಯುಲೇಶನ್ನಿನ ದೋಷವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಒಂದೇ ದಿನದ ನೂರು ಜನರಲ್ಲಿ ಸಾಲು ಅಷ್ಟು ಬೆಳೆಯಲು ಸಮಯ ಸಾಲದು, ದಿನದ ಸರಾಸರಿ ಅದಕ್ಕಿಂತ ಕಡಿಮೆಯೇ ಬರುತ್ತದೆ. ಹಾಗಿದ್ದರೂ ಮೊದಲ ದಾಳ ಕೊಟ್ಟ ಉತ್ತರಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಆ ಉತ್ತರವನ್ನು ನಂಬಿ ಒಂದೇ ಕೌಂಟರ್ ಸಾಕು ಎಂದು ತೀರ್ಮಾನಿಸಿದ ಶಾಖೆಯಲ್ಲಿ ಜನ ಬಾಗಿಲಾಚೆ ನಿಲ್ಲುತ್ತಾರೆ.

ಇಷ್ಟಕ್ಕೂ ಈ ಎರಡನೆಯ ಮಾದರಿಯೂ ಅಂತಿಮವಲ್ಲ. ದಿನವಿಡೀ ಒಂದೇ ವೇಗದಲ್ಲಿ ಜನ ಬರುತ್ತಾರೆ ಎಂದು ಅದು ಹಿಡಿದುಕೊಂಡಿದೆ. ತಿಂಗಳ ಮೊದಲ ದಿನಗಳಲ್ಲಿ ಪಿಂಚಣಿಗಾಗಿ ಬಾಗಿಲು ತೆರೆಯುವ ಮೊದಲೇ ಹಿರಿಯರು ಬಂದು ಕುಳಿತಿರುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೌಂಟರ್ ಖಾಲಿ ಇರಬಹುದು. ಸಾಲು ಉದ್ದವಾದರೆ ಕೆಲವರು ನಾಳೆ ಬರೋಣ ಎಂದು ಹಿಂದಿರುಗುತ್ತಾರೆ. ಇವನ್ನೆಲ್ಲ ಪ್ರೋಗ್ರಾಮಿನಲ್ಲಿ ಸೇರಿಸುವುದು ಕಷ್ಟವಲ್ಲ. ಬರುವ ವೇಗವನ್ನು ಗಂಟೆಗೊಂದರಂತೆ ಬೇರೆ ಮಾಡಬಹುದು, ಸಾಲಿನಲ್ಲಿ ಹದಿನೈದು ಜನರಿದ್ದರೆ ಹೊಸಬರಲ್ಲಿ ಮೂರರಲ್ಲೊಬ್ಬರು ಹಿಂದಿರುಗುತ್ತಾರೆ ಎಂದು ಬರೆಯಬಹುದು. ಸೂತ್ರ ಕೈಬಿಡುವ ಹಂತ ಇದು. ಸಿಮ್ಯುಲೇಶನ್ ಮಾತ್ರ ಮೊದಲಿನಷ್ಟೇ ಸಲೀಸಾಗಿ ನಡೆಯುತ್ತದೆ. ಆದರೆ ಹದಿನೈದು ಎಂಬ ಸಂಖ್ಯೆ, ಮೂರರಲ್ಲೊಬ್ಬರು ಎಂಬ ಪಾಲು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇರಬೇಕು. ಊಹಿಸಿ ಬರೆದ ಪ್ರತಿ ಸಂಖ್ಯೆಗೂ ಸಾವಿರ ದಿನದ ಸಿಮ್ಯುಲೇಶನ್ ಒಂದು ಸುಳ್ಳು ಗಾಂಭೀರ್ಯ ತಂದುಕೊಡುತ್ತದೆ.

ಮಾದರಿ ನಿಜಕ್ಕೆ ಹತ್ತಿರವಿದೆಯೇ ಎಂದು ತಿಳಿಯಲು ಇರುವ ದಾರಿ ಅದರ ಉತ್ತರವನ್ನು ನಿಜವಾದ ದಿನಗಳ ಪಕ್ಕದಲ್ಲಿಟ್ಟು ನೋಡುವುದು. ಶಾಖೆಯಲ್ಲಿ ಹದಿನೈದು ಇಪ್ಪತ್ತು ದಿನಗಳ ಕಾಲ ಪ್ರತಿಯೊಬ್ಬರೂ ಬಂದ ಹೊತ್ತು, ಕೌಂಟರಿಗೆ ಹೋದ ಹೊತ್ತು, ಹೊರಟ ಹೊತ್ತು ಬರೆದಿಡಬೇಕು. ಬಂದ ಹೊತ್ತುಗಳಿಂದ ಅಂತರದ ದಾಳ ತಯಾರಾಗುತ್ತದೆ, ಕೌಂಟರಿನ ಹೊತ್ತುಗಳಿಂದ ಕೆಲಸದ ದಾಳ. ಕಾದ ಹೊತ್ತನ್ನು ಮಾತ್ರ ಮಾದರಿ ಕಟ್ಟಲು ಬಳಸದೆ ಬದಿಗಿಡಬೇಕು, ಏಕೆಂದರೆ ಪರೀಕ್ಷೆಗೆ ಉಳಿದಿರುವುದು ಅದೊಂದೇ. ಸಿಮ್ಯುಲೇಶನ್ ಹೇಳಿದ ಕಾಯುವಿಕೆಯೂ ಬರೆದಿಟ್ಟ ಕಾಯುವಿಕೆಯೂ ದೋಷದ ಮಿತಿಯೊಳಗೆ ತಾಳೆಯಾದರೆ ಎರಡನೆಯ ಕೌಂಟರ್ ತೆರೆದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದಕ್ಕೆ ಕೇಳಬಹುದು. ತಾಳೆಯಾಗದಿದ್ದರೆ ದಿನಗಳನ್ನು ಹೆಚ್ಚಿಸಿ ಪ್ರಯೋಜನವಿಲ್ಲ, ದಾಳವನ್ನೇ ಬದಲಿಸಬೇಕು. ಟೋಕನ್ ಯಂತ್ರವಿರುವ ಶಾಖೆಗಳಲ್ಲಿ ಟೋಕನ್ ಪಡೆದ ಹೊತ್ತೂ ಸರದಿ ಕರೆದ ಹೊತ್ತೂ ಯಂತ್ರದಲ್ಲೇ ದಾಖಲಾಗುವುದರಿಂದ, ಈ ಕೆಲಸದ ಅರ್ಧ ಭಾಗ ಯಾರೂ ಕೇಳದೆಯೇ ಆಗಿರುತ್ತದೆ.